ವರದಿಗೆ ಸೇರುವಾಗ ಎಕ್ಸೆಲ್ ಚಾರ್ಟ್ ಮಬ್ಬಾಗುವುದೇಕೆ?

ಯಾವುದೇ ಇಲಾಖೆಯ, ಸಂಘದ ಅಥವಾ ಕಾಲೇಜು ವಿಭಾಗದ ವಾರ್ಷಿಕ ವರದಿಯನ್ನು ಕೈಗೆತ್ತಿಕೊಳ್ಳಿ. ಪಠ್ಯವೆಲ್ಲ ಚೊಕ್ಕವಾಗಿ ಅಚ್ಚಾಗಿರುತ್ತದೆ. ಆದರೆ ಚಾರ್ಟ್ ಇರುವ ಪುಟಕ್ಕೆ ಬಂದರೆ ಅಂಕಿಗಳು ಕಲಸಿಕೊಂಡಿರುತ್ತವೆ, ಗೆರೆಗಳ ಸುತ್ತ ಬೂದು ಮಂಜು ಕವಿದಿರುತ್ತದೆ, ನಾಲ್ಕೂ ಬದಿಗೆ ಯಾರೂ ಕೇಳದ ಒಂದು ಚೌಕಟ್ಟು ಬಂದು ಕೂತಿರುತ್ತದೆ. ಎಕ್ಸೆಲ್‌ನಲ್ಲಿ ನೀಲಿಯಾಗಿದ್ದ ಕಂಬಗಳು ಇಲ್ಲಿ ಹಸಿರು ಮಿಶ್ರಿತ ಬಣ್ಣಕ್ಕೆ ತಿರುಗಿರುವುದೂ ಉಂಟು. ತಿಂಗಳುಗಟ್ಟಲೆ ಅಂಕಿಅಂಶ ಕಲೆಹಾಕಿದವರ ಶ್ರಮ ಓದುಗರ ಕಣ್ಣಿಗೆ ಬೀಳುವುದು ಆ ಒಂದು ಚಿತ್ರದ ಮೂಲಕವೇ. ಅದೇ ಮಸುಕಾಗಿದ್ದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಇದಕ್ಕೆ ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಕೆಡುವುದು ಎಲ್ಲಿ ಎಂದು ತಿಳಿದಿದ್ದರೆ ಸಾಕು.

ಎಕ್ಸೆಲ್‌ನ ಒಳಗೆ ಚಾರ್ಟ್ ಎಂಬುದು ಚಿತ್ರವೇ ಅಲ್ಲ. ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ ಎಳೆ, ಈ ಕಂಬಕ್ಕೆ ಈ ಬಣ್ಣ ತುಂಬು, ಇಲ್ಲಿ ಇಷ್ಟು ಗಾತ್ರದ ಅಕ್ಷರ ಬರೆ ಎಂಬ ಸೂಚನೆಗಳ ಕಟ್ಟು ಅದು. ಪರದೆಯನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಗೆರೆ ನುಣುಪಾಗಿಯೇ ಇರುತ್ತದೆ, ಏಕೆಂದರೆ ಪ್ರತಿ ಸಲವೂ ಎಕ್ಸೆಲ್ ಅದನ್ನು ಹೊಸದಾಗಿ ಬರೆಯುತ್ತದೆ. ಪಿಎನ್‌ಜಿ ಅಥವಾ ಜೆಪೆಗ್ ಆಗಿ ಉಳಿಸಿದ ಕ್ಷಣದಲ್ಲಿ ಈ ಸೂಚನೆಗಳೆಲ್ಲ ಹೋಗಿ, ಎಣಿಕೆಯಷ್ಟು ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು ಮಾತ್ರ ಉಳಿಯುತ್ತವೆ. ಆಗ ಎಷ್ಟು ಚುಕ್ಕಿ ಸಿಕ್ಕಿತೋ ಅಷ್ಟೇ. ಆಮೇಲೆ ಎಳೆದು ದೊಡ್ಡದು ಮಾಡಿದರೆ ಚುಕ್ಕಿಗಳು ಹಿಗ್ಗುತ್ತವೆಯೇ ಹೊರತು ಹೊಸ ವಿವರ ಹುಟ್ಟುವುದಿಲ್ಲ.

ಆ ಎಣಿಕೆ ಎಷ್ಟೆಂದು ಒಂದು ಲೆಕ್ಕ ಮಾಡೋಣ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ವರ್ಡ್‌ನಲ್ಲಿ ಎರಡೂ ಬದಿಗೆ 2.54 ಸೆಂ.ಮೀ. ಅಂಚು ಬಿಟ್ಟರೆ ಪಠ್ಯಕ್ಕೆ ಸುಮಾರು 15.9 ಸೆಂ.ಮೀ. ಉಳಿಯುತ್ತದೆ. ಇಂಚಿನಲ್ಲಿ ಹೇಳುವುದಾದರೆ ಆರೂಕಾಲು. ವಿಂಡೋಸ್ ಪರದೆಯ ಮೂಲ ಲೆಕ್ಕದಲ್ಲಿ ಇಂಚಿಗೆ 96 ಚುಕ್ಕಿ. ಹಾಗಾಗಿ ಪುಟದ ಅಗಲದಷ್ಟೇ ಇರುವ ಚಾರ್ಟನ್ನು ನಕಲು ಮಾಡಿ ಪೇಂಟ್‌ಗೆ ಅಂಟಿಸಿದರೆ, ಅಥವಾ ಸ್ಕ್ರೀನ್‌ಶಾಟ್ ತೆಗೆದರೆ, ಅಡ್ಡಕ್ಕೆ ಸಿಗುವುದು ಸುಮಾರು 600 ಚುಕ್ಕಿ. ಅಚ್ಚಿಗೆ ಹೋಗುವ ಚಿತ್ರಕ್ಕೆ ಇಂಚಿಗೆ 300 ಚುಕ್ಕಿ ಇರಲಿ ಎಂಬುದು ಮುದ್ರಣದವರ ರೂಢಿ. ಆ ಲೆಕ್ಕದಲ್ಲಿ ನಮಗೆ ಬೇಕಿದ್ದದ್ದು ಸುಮಾರು 1,880. ಬೇಕಾದುದರ ಮೂರನೇ ಒಂದು ಪಾಲು ಕೊಟ್ಟು ಪುಟ ತುಂಬು ಎಂದರೆ ಅದು ಮಬ್ಬಾಗದೆ ಇನ್ನೇನಾದೀತು?

ಚಾರ್ಟಿನ ಮೇಲೆ ಬಲ ಗುಂಡಿ ಒತ್ತಿದರೆ ಸಿಗುವ Save as Picture ಕೂಡ ಇದೇ ಸಮಸ್ಯೆಗೆ ಸಿಕ್ಕಿಕೊಳ್ಳುತ್ತದೆ. ಎಕ್ಸೆಲ್‌ನ ಆವೃತ್ತಿ ಮತ್ತು ಪರದೆಯ ಸ್ಕೇಲಿಂಗ್‌ಗೆ ತಕ್ಕಂತೆ ಎಣಿಕೆ ಹೆಚ್ಚುಕಡಿಮೆ ಆಗಬಹುದು. ಆದರೆ ಇಂಚಿಗೆ ಎಷ್ಟು ಚುಕ್ಕಿ ಬೇಕು ಎಂದು ಅದು ನಮ್ಮನ್ನು ಕೇಳುವುದಿಲ್ಲ. ಚಾರ್ಟ್ ಹಾಳೆಯ ಮೇಲೆ ಎಷ್ಟು ದೊಡ್ಡದಿದೆಯೋ ಅದನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ.

ಹಾಗಾದರೆ ಚಾರ್ಟನ್ನೇ ಹಿಡಿದು ಮೂರುಪಟ್ಟು ದೊಡ್ಡದು ಮಾಡಿ ಉಳಿಸಿದರಾಯಿತಲ್ಲ ಎಂದು ಬಹಳ ಜನ ಮಾಡುತ್ತಾರೆ. ಚುಕ್ಕಿಗಳೇನೋ ಸಿಗುತ್ತವೆ. ಆದರೆ ಚಾರ್ಟಿನ ಚೌಕವನ್ನು ಎಳೆದಾಗ ಕಂಬಗಳು ಬೆಳೆಯುತ್ತವೆ, ಅಕ್ಷರಗಳು ಬೆಳೆಯುವುದಿಲ್ಲ. 10 ಪಾಯಿಂಟ್ ಇದ್ದ ತಿಂಗಳ ಹೆಸರು 10 ಪಾಯಿಂಟ್‌ನಲ್ಲೇ ನಿಲ್ಲುತ್ತದೆ. 48 ಸೆಂ.ಮೀ. ಅಗಲದ ಆ ಚಿತ್ರವನ್ನು ವರದಿಯಲ್ಲಿ 16 ಸೆಂ.ಮೀ.ಗೆ ಕುಗ್ಗಿಸಿದಾಗ ಅಕ್ಷರದ ಗಾತ್ರ ಮೂರು ಪಾಯಿಂಟ್ ಚಿಲ್ಲರೆಗೆ ಇಳಿಯುತ್ತದೆ. ಗೆರೆಗಳೂ ಅಷ್ಟೇ, ದಪ್ಪ ಮೂರನೇ ಒಂದಕ್ಕೆ ಇಳಿದು ಕಾಣದಾಗುತ್ತವೆ. ಸ್ಪಷ್ಟವಾಗಿದೆ, ಆದರೆ ಓದಲಾಗದು. ಮಬ್ಬಿಗಿಂತ ಇದೇನೂ ಉತ್ತಮವಲ್ಲ.

ಆದ್ದರಿಂದ ಮಾಡಬೇಕಾದ ಕ್ರಮ ಇದು: ವರದಿಯಲ್ಲಿ ಚಾರ್ಟ್ ಎಷ್ಟು ಅಗಲ ಇರಬೇಕೋ ಅಷ್ಟನ್ನೇ ಎಕ್ಸೆಲ್‌ನಲ್ಲಿ ಮೊದಲು ನಿಗದಿ ಮಾಡಬೇಕು, ಅಕ್ಷರ, ಗೆರೆ ಎಲ್ಲವನ್ನೂ ಆ ಅಳತೆಯಲ್ಲೇ ಸರಿಪಡಿಸಬೇಕು, ಆಮೇಲೆ, ಸೂಚನೆಗಳ ರೂಪದಲ್ಲಿರುವಾಗಲೇ ಇಡೀ ಚಾರ್ಟನ್ನು ಅಕ್ಷರಸಮೇತ ಹಿಗ್ಗಿಸಿ, ಒಂದೇ ಒಂದು ಸಲ ಚುಕ್ಕಿಗಳಾಗಿ ಬದಲಿಸಬೇಕು. ಇದಕ್ಕೆ ಆಫೀಸ್ ಜೊತೆಗೇ ಬರುವ ಪವರ್‌ಪಾಯಿಂಟ್ ಸಾಕು.

ಒಂದು ತಾಲ್ಲೂಕಿನ ಮಳೆ ವರದಿ ಎಂದಿಟ್ಟುಕೊಳ್ಳೋಣ. ಜನವರಿಯಿಂದ ಡಿಸೆಂಬರ್‌ವರೆಗೆ ಬಿದ್ದ ಮಳೆಗೆ ನೀಲಿ ಕಂಬ, ವಾಡಿಕೆ ಮಳೆಗೆ ಕಿತ್ತಳೆ ಗೆರೆ. ಚಾರ್ಟನ್ನು ಆರಿಸಿ, ಮೇಲಿನ Format ಪಟ್ಟಿಯ ಬಲತುದಿಯಲ್ಲಿರುವ ಅಳತೆಯ ಪೆಟ್ಟಿಗೆಗಳಲ್ಲಿ ಎತ್ತರ 9 ಸೆಂ.ಮೀ., ಅಗಲ 15.9 ಸೆಂ.ಮೀ. ಎಂದು ಬರೆಯಿರಿ. ಮೌಸ್‌ನಿಂದ ಎಳೆದು ಅಂದಾಜಿನಲ್ಲಿ ನಿಲ್ಲಿಸಬೇಡಿ. ಈಗ ತಿಂಗಳ ಹೆಸರುಗಳು ಇಕ್ಕಟ್ಟಾಗಿ ವಾರೆಯಾಗಿ ನಿಂತರೆ ಹೆಸರನ್ನು ಮೊಟಕು ಮಾಡಿ, ಅಕ್ಷರ 9 ಪಾಯಿಂಟ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಈ ಅಳತೆಯಲ್ಲಿ ಎಕ್ಸೆಲ್ ಪರದೆಯ ಮೇಲೆ 100 ಪ್ರತಿಶತದಲ್ಲಿ ಹೇಗೆ ಕಾಣುತ್ತದೆಯೋ, ಕಾಗದದ ಮೇಲೂ ಜೋಡಣೆ ಹಾಗೇ ಇರುತ್ತದೆ.

ಇನ್ನು ಪವರ್‌ಪಾಯಿಂಟ್‌ನಲ್ಲಿ ಹೊಸ ಕಡತ ತೆರೆದು, ಸ್ಲೈಡಿನ ಮೇಲಿನ ಶೀರ್ಷಿಕೆ ಪೆಟ್ಟಿಗೆಗಳನ್ನೆಲ್ಲ ಅಳಿಸಿ ಖಾಲಿ ಮಾಡಿ. Design ಪಟ್ಟಿಯಲ್ಲಿ Slide Size, ಅದರೊಳಗೆ Custom Slide Size. ಅಲ್ಲಿ ಅಗಲ 47.7 ಸೆಂ.ಮೀ., ಎತ್ತರ 27 ಸೆಂ.ಮೀ. ಕೊಡಿ. ಇದು ನಮ್ಮ ಚಾರ್ಟಿನ ಸರಿಯಾಗಿ ಮೂರುಪಟ್ಟು. ಎಕ್ಸೆಲ್‌ಗೆ ಮರಳಿ ಚಾರ್ಟಿನ ಹೊರ ಅಂಚಿನ ಬಳಿ ಕ್ಲಿಕ್ ಮಾಡಿ, ಒಳಗಿನ ಯಾವುದೋ ಕಂಬವಲ್ಲದೆ ಇಡೀ ಚಾರ್ಟ್ ಆಯ್ಕೆಯಾಗಿದೆಯೇ ನೋಡಿ, Ctrl+C ಒತ್ತಿ. ಪವರ್‌ಪಾಯಿಂಟ್‌ನಲ್ಲಿ ಬರಿಯ Ctrl+V ಬೇಡ. Ctrl+Alt+V ಒತ್ತಿದರೆ Paste Special ತೆರೆಯುತ್ತದೆ, ಅದರಲ್ಲಿ Picture (Enhanced Metafile) ಆರಿಸಿ. ಈ ರೂಪದಲ್ಲಿ ಬಂದ ಚಾರ್ಟ್ ಇನ್ನೂ ಚುಕ್ಕಿಗಳಾಗಿರುವುದಿಲ್ಲ, ಗೆರೆ ಮತ್ತು ಅಕ್ಷರಗಳ ಸೂಚನೆಯಾಗಿಯೇ ಇರುತ್ತದೆ. ಆದರೆ ಈಗ ಅದು ಚಾರ್ಟ್ ಅಲ್ಲದ ಕಾರಣ ಹಿಗ್ಗಿಸಿದರೆ ಅಕ್ಷರಗಳೂ ಜೊತೆಗೇ ಹಿಗ್ಗುತ್ತವೆ. ಚಾರ್ಟನ್ನೇ ಎಳೆದಾಗ ಆಗದಿದ್ದ ಕೆಲಸ ಇದೇ.

ಬಲ ಗುಂಡಿ ಒತ್ತಿ Size and Position ತೆರೆದು, Lock aspect ratio ಗುರುತು ಇರುವಂತೆ ನೋಡಿಕೊಂಡು ಅಗಲವನ್ನು 47.7 ಮಾಡಿ. ಸ್ಥಾನವನ್ನು ಅಡ್ಡಕ್ಕೂ ಉದ್ದಕ್ಕೂ ಸೊನ್ನೆಗೆ ತನ್ನಿ. ಸ್ಲೈಡ್ ತುಂಬ ಚಾರ್ಟ್ ಕೂರುತ್ತದೆ. ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೆ ಚಿಂತೆಯಿಲ್ಲ, ಸ್ಲೈಡಿನ ಹಿನ್ನೆಲೆಯೂ ಬಿಳಿಯೇ. File, Save As ಹೋಗಿ ಕಡತದ ಬಗೆಯಾಗಿ PNG ಆರಿಸಿ; ಎಲ್ಲ ಸ್ಲೈಡೋ ಇದೊಂದೋ ಎಂದು ಕೇಳಿದಾಗ Just This One ಎನ್ನಿ. ಪವರ್‌ಪಾಯಿಂಟ್ ಸ್ಲೈಡನ್ನು ಇಂಚಿಗೆ 96 ಚುಕ್ಕಿಯಂತೆ ಉಳಿಸುತ್ತದೆ. 47.7 ಸೆಂ.ಮೀ. ಎಂದರೆ ಸುಮಾರು 18.8 ಇಂಚು, ಹಾಗಾಗಿ ಅಡ್ಡಕ್ಕೆ ಸುಮಾರು 1,800 ಚುಕ್ಕಿ ಸಿಗುತ್ತವೆ. ಆ ಚಿತ್ರವನ್ನು ವರದಿಯಲ್ಲಿ 15.9 ಸೆಂ.ಮೀ. ಅಗಲಕ್ಕೆ ಕೂರಿಸಿದಾಗ ಇಂಚಿಗೆ 288 ಚುಕ್ಕಿ ಆಯಿತು. 300ಕ್ಕೆ ತುಸು ಕಡಿಮೆ. ಕಣ್ಣಿಗೆ ಆ ವ್ಯತ್ಯಾಸ ತಿಳಿಯದು. ಅಕ್ಷರವೂ ನೀವು ಎಕ್ಸೆಲ್‌ನಲ್ಲಿ ಇಟ್ಟಿದ್ದ ಗಾತ್ರಕ್ಕೇ ಮರಳುತ್ತದೆ.

ಸಿಕ್ಕಿತೋ ಇಲ್ಲವೋ ಎಂದು ಊಹಿಸಬೇಕಿಲ್ಲ. ಕಡತದ ಮೇಲೆ ಬಲ ಗುಂಡಿ ಒತ್ತಿ Properties, ಅದರಲ್ಲಿ Details ನೋಡಿ. ಅಲ್ಲಿ Width ಎಷ್ಟು ಪಿಕ್ಸೆಲ್ ಎಂದಿರುತ್ತದೆ. ಅದನ್ನು ವರದಿಯಲ್ಲಿ ಚಿತ್ರದ ಅಗಲ ಎಷ್ಟು ಇಂಚೋ ಅದರಿಂದ ಭಾಗಿಸಿ. ಪಕ್ಕದಲ್ಲೇ ಕಾಣುವ dpi ಅಂಕಿಯನ್ನು ನೆಚ್ಚಬೇಡಿ, ಅದು ಬರೀ ಒಂದು ಹಣೆಪಟ್ಟಿ. ನಾವು ಈಗ ಮಾಡಿದ ಚಿತ್ರದಲ್ಲೂ ಅಲ್ಲಿ 96 ಎಂದೇ ಇರುತ್ತದೆ, ಆದರೂ ಅದು ಅಚ್ಚಿಗೆ ಯೋಗ್ಯ. ಲೆಕ್ಕಕ್ಕೆ ಬರುವುದು ಒಟ್ಟು ಚುಕ್ಕಿಗಳು ಮಾತ್ರ.

ಕಡತದ ಬಗೆಯ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ಚಾರ್ಟಿಗೆ ಜೆಪೆಗ್ ಬೇಡ. ಜೆಪೆಗ್ ಹುಟ್ಟಿದ್ದು ಛಾಯಾಚಿತ್ರಗಳಿಗಾಗಿ. ಅದು ಚಿತ್ರವನ್ನು 8×8 ಚುಕ್ಕಿಗಳ ಮನೆಗಳಾಗಿ ಒಡೆದು, ಕಣ್ಣು ಗಮನಿಸದ ಸೂಕ್ಷ್ಮ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಮುಖದ ಮೇಲಿನ ನೆರಳು ಬೆಳಕಿಗೆ ಅದು ಸರಿ. ಆದರೆ ಬಿಳಿಯ ಮೇಲೆ ಕಪ್ಪು ಅಂಕಿ ಎಂದರೆ ಥಟ್ಟನೆ ಬದಲಾಗುವ ಅಂಚು. ಅಲ್ಲಿ ಈ ಲೆಕ್ಕ ಹಳಿ ತಪ್ಪಿ ಅಕ್ಷರಗಳ ಸುತ್ತ ಧೂಳಿನಂತೆ ಕಲೆ ಏಳುತ್ತದೆ. ಬಣ್ಣದ ವಿವರವನ್ನಂತೂ ಜೆಪೆಗ್ ಬಹಳ ಸಲ ಅರ್ಧಕ್ಕಿಳಿಸಿ ಇಡುವುದರಿಂದ ಕೆಂಪು ಗೆರೆಯ ಅಂಚು ಹರಡಿದಂತೆ ಕಾಣುತ್ತದೆ. ಪಿಎನ್‌ಜಿ ಯಾವ ಚುಕ್ಕಿಯನ್ನೂ ಬಿಡುವುದಿಲ್ಲ, ಮೇಲಾಗಿ ಒಂದೇ ಬಣ್ಣದ ದೊಡ್ಡ ಜಾಗಗಳಿರುವ ಚಾರ್ಟುಗಳಲ್ಲಿ ಅದರ ಕಡತ ಜೆಪೆಗ್‌ಗಿಂತ ಚಿಕ್ಕದಾಗುವುದೂ ಸಾಮಾನ್ಯ. ಯಾವುದಾದರೂ ಜಾಲತಾಣ ಜೆಪೆಗ್ ಮಾತ್ರ ಒಪ್ಪುತ್ತೇನೆ ಎಂದರೆ ಪಿಎನ್‌ಜಿಯಿಂದ ಒಂದೇ ಸಲ, ಅತ್ಯುನ್ನತ ಗುಣಮಟ್ಟದಲ್ಲಿ ಬದಲಿಸಿಕೊಳ್ಳಿ.

ಚೌಕಟ್ಟಿನ ವಿಷಯ ಬಹು ಬೇಗ ಮುಗಿಯುತ್ತದೆ. ಎಕ್ಸೆಲ್ ಪ್ರತಿ ಹೊಸ ಚಾರ್ಟಿನ ಸುತ್ತ ತಾನಾಗಿಯೇ ಒಂದು ತೆಳು ಬೂದು ಗೆರೆ ಹಾಕುತ್ತದೆ. ಹಾಳೆಯ ಮೇಲೆ ಅದು ಕೋಶಗಳ ಗೆರೆಗಳ ನಡುವೆ ಕರಗಿ ಹೋಗಿ ನಮ್ಮ ಗಮನಕ್ಕೇ ಬರುವುದಿಲ್ಲ, ಬಿಳಿ ಪುಟಕ್ಕೆ ಬಂದಾಗ ಎದ್ದು ಕಾಣುತ್ತದೆ. ಚಾರ್ಟಿನ ಖಾಲಿ ಮೂಲೆಯಲ್ಲಿ ಕ್ಲಿಕ್ ಮಾಡಿ Ctrl+1 ಒತ್ತಿದರೆ Format Chart Area ತೆರೆಯುತ್ತದೆ. Border ಅಡಿಯಲ್ಲಿ No line ಆರಿಸಿ. ಅದೇ ಜಾಗದಲ್ಲಿ Rounded corners ಗುರುತು ಇದ್ದರೆ ತೆಗೆಯಿರಿ. Fill ಅಡಿಯಲ್ಲಿ Solid fill ಕೊಟ್ಟು ಬಿಳಿ ಆರಿಸಿ. No fill ಬಿಟ್ಟರೆ ಹಿನ್ನೆಲೆ ಪಾರದರ್ಶಕವಾಗಿ ಉಳಿದು, ಕಪ್ಪು ಹಿನ್ನೆಲೆಯ ಪರದೆಯಲ್ಲಿ ತೆರೆದವರಿಗೆ ಕಪ್ಪಿನ ಮೇಲೆ ಕಪ್ಪು ಅಕ್ಷರ ಕಾಣಿಸುವ ಅಪಾಯವಿದೆ. ಸ್ಕ್ರೀನ್‌ಶಾಟ್‌ನಲ್ಲಿ ಅಂಚಿಗೆ ತುಂಡು ಗೆರೆಗಳು ಅಂಟಿಕೊಂಡು ಬರುವುದು ಹಿಂದಿನ ಹಾಳೆಯ ಕೋಶಗಳದ್ದು. ಸ್ಲೈಡಿನ ದಾರಿಯಲ್ಲಿ ಅವು ಬರುವ ಪ್ರಶ್ನೆಯೇ ಇಲ್ಲ.

ಬಣ್ಣ ಬದಲಾಗುವುದರ ಹಿಂದೆ ಇರುವುದು ಮುದ್ರಣದ ದೋಷವಲ್ಲ. ಎಕ್ಸೆಲ್ ಚಾರ್ಟಿನ ಕಂಬಕ್ಕೆ ತಾನಾಗಿ ಕೊಡುವ ಬಣ್ಣ 'ನೀಲಿ' ಎಂದು ದಾಖಲಾಗಿರುವುದಿಲ್ಲ. 'ಈ ಕಡತದ ಥೀಮಿನ ಮೊದಲ ಬಣ್ಣ' ಎಂದು ದಾಖಲಾಗಿರುತ್ತದೆ. ವರ್ಡ್‌ನಲ್ಲಿ ಬರಿಯ Ctrl+V ಒತ್ತಿದಾಗ ಅದು ಚಾರ್ಟನ್ನು ತನ್ನ ಕಡತದ ಥೀಮಿಗೆ ಒಗ್ಗಿಸಿಕೊಳ್ಳುತ್ತದೆ. ಅಲ್ಲಿ ಮೊದಲ ಬಣ್ಣ ಬೇರೆಯಾಗಿದ್ದರೆ ಕಂಬಗಳ ಬಣ್ಣವೂ ಬೇರೆಯಾಗುತ್ತದೆ. ಇದು ಈಚಿನ ವರ್ಷಗಳಲ್ಲಿ ಹೆಚ್ಚಿದ್ದಕ್ಕೆ ಕಾರಣವೂ ಇದೆ. 2013ರಿಂದ ಬಂದ ಆಫೀಸ್ ಥೀಮಿನಲ್ಲಿ ಮೊದಲ ಬಣ್ಣ ಹಿತವಾದ ನೀಲಿಯಾಗಿತ್ತು. 2023ರಲ್ಲಿ ಮೈಕ್ರೋಸಾಫ್ಟ್ ಥೀಮನ್ನೇ ಬದಲಿಸಿ, ಆ ಜಾಗಕ್ಕೆ ಹಸಿರು ಛಾಯೆಯ ಗಾಢ ನೀಲಿ ತಂದಿತು, ಜೊತೆಗೆ ಆಪ್ಟೋಸ್ ಎಂಬ ಹೊಸ ಫಾಂಟನ್ನೂ. ಹೀಗಾಗಿ ಹಳೆಯ ಎಕ್ಸೆಲ್ ಕಡತದ ಚಾರ್ಟ್ ಹೊಸ ವರ್ಡ್ ಕಡತಕ್ಕೆ ಬಂದಾಗ ಬಣ್ಣವೂ ಅಕ್ಷರವೂ ಒಟ್ಟಿಗೆ ಬೇರೆಯಾಗುತ್ತವೆ. ಪಠ್ಯದಲ್ಲಿ ನೀವು ನೀಲಿ ಕಂಬಗಳನ್ನು ಗಮನಿಸಿ ಎಂದು ಬರೆದಿದ್ದರೆ ಓದುಗ ಪುಟದಲ್ಲಿ ನೀಲಿ ಹುಡುಕುತ್ತಾ ಕೂರಬೇಕು.

ಇದಕ್ಕೆ ಶಾಶ್ವತ ಪರಿಹಾರ ಬಣ್ಣವನ್ನು ಗಟ್ಟಿ ಮಾಡುವುದು. ಕಂಬವನ್ನು ಆರಿಸಿ, Fill ಬಣ್ಣದ ಪಟ್ಟಿಯಲ್ಲಿ ಮೇಲಿನ ಥೀಮ್ ಬಣ್ಣಗಳನ್ನು ಮುಟ್ಟದೆ More Colors, Custom ಹೋಗಿ ಅಂಕಿಯಲ್ಲಿ ಬಣ್ಣ ಕೊಡಿ. ನೀಲಿಗೆ ಕೆಂಪು 31, ಹಸಿರು 90, ನೀಲಿ 160 ಎಂದು ಕೊಟ್ಟರೆ ಅದು ಎಲ್ಲಿಗೆ ಹೋದರೂ ಅದೇ ನೀಲಿ. ಮೆಟಾಫೈಲ್ ಆಗಿ ಅಂಟಿಸಿದಾಗಲೂ ಬಣ್ಣ ಥೀಮಿನ ಹಿಂದೆ ಹೋಗುವುದಿಲ್ಲ, ಆದರೂ ಮುಂದಿನ ವರ್ಷ ಇನ್ನಾರೋ ಅದೇ ಚಾರ್ಟನ್ನು ಬೇರೆ ರೀತಿಯಲ್ಲಿ ನಕಲು ಮಾಡುತ್ತಾರೆ. ಅವರ ಸಲುವಾಗಿ ಈ ಕೆಲಸ ಮಾಡಿಡಿ.

ಬಣ್ಣ ಪೂರ್ತಿ ಹೋಗಿ ಎಲ್ಲ ಬೂದಾಗಿದ್ದರೆ ನೋಡಬೇಕಾದ ಜಾಗ ಬೇರೆ. ಚಾರ್ಟ್ ಆಯ್ಕೆಯಲ್ಲಿರುವಾಗ Page Setup ತೆರೆದರೆ ಅದರಲ್ಲಿ Chart ಎಂಬ ಪುಟವಿದೆ. Print in black and white ಗುರುತು ಅಲ್ಲಿ ಅಡಗಿರುತ್ತದೆ. ಶಾಯಿ ಉಳಿಸಲೆಂದು ಯಾರೋ ಒಮ್ಮೆ ಹಾಕಿದ ಗುರುತು ಕಡತದಲ್ಲೇ ಉಳಿದುಕೊಂಡಿರುತ್ತದೆ. ಮುದ್ರಿಸಿದಾಗಲೂ, Copy as Picture ನಲ್ಲಿ As shown when printed ಆರಿಸಿದಾಗಲೂ ಅದರ ಪರಿಣಾಮ ಕಾಣುತ್ತದೆ.

ಮೆಟಾಫೈಲ್‌ಗೂ ಮಿತಿಗಳಿವೆ. ಅರೆಪಾರದರ್ಶಕ ಬಣ್ಣ, ನೆರಳು, ಹೊಳಪು ಇವುಗಳಲ್ಲಿ ಅದು ಕೈಕೊಡಬಹುದು: ಅರೆಪಾರದರ್ಶಕವಾಗಿದ್ದದ್ದು ಗಟ್ಟಿ ಬಣ್ಣವಾಗುತ್ತದೆ, ಇಲ್ಲವೇ ಆ ಭಾಗ ಮಾತ್ರ ಚೌಕಚೌಕವಾಗಿ ಒಡೆದು ಕಾಣುತ್ತದೆ. ತೆಳು ಬಣ್ಣ ಬೇಕಿದ್ದರೆ ಪಾರದರ್ಶಕತೆಯ ಬದಲು ತಿಳಿ ಬಣ್ಣವನ್ನೇ ತುಂಬಿ. ನೆರಳು, ಹೊಳಪು ಚಾರ್ಟಿಗೆ ಅಗತ್ಯವೇ ಇಲ್ಲ. ಮ್ಯಾಕ್ ಕಂಪ್ಯೂಟರಿನವರು ಮೆಟಾಫೈಲ್ ಬಿಟ್ಟು ಪಿಡಿಎಫ್ ದಾರಿ ಹಿಡಿಯುವುದು ಒಳ್ಳೆಯದು.

ಕನ್ನಡದಲ್ಲಿ ವರದಿ ಮಾಡುವವರಿಗೆ ಒಂದು ಮಾತು ಹೆಚ್ಚು ಹೇಳಬೇಕು. ಮೆಟಾಫೈಲ್ ಆಗಲಿ, ಹೊಸ ಎಕ್ಸೆಲ್ ಕೊಡುವ ಎಸ್‌ವಿಜಿ ಆಗಲಿ, ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಂಡಿರುತ್ತದೆ; ತೋರಿಸುವ ಯಂತ್ರದಲ್ಲಿ ಆ ಫಾಂಟ್ ಇರಬೇಕು. ಯೂನಿಕೋಡ್‌ನಲ್ಲಿ ಬರೆದು ನಿರ್ಮಲಾ ಯುಐ ಅಥವಾ ತುಂಗಾ ಬಳಸಿದ್ದರೆ, ಫಾಂಟ್ ಇಲ್ಲದ ಕಡೆ ಬೇರೊಂದು ಕನ್ನಡ ಫಾಂಟ್ ಆ ಜಾಗಕ್ಕೆ ಬಂದು, ಸಾಮಾನ್ಯವಾಗಿ ಸಾಲು ಆಚೀಚೆ ಸರಿಯುತ್ತದೆ. ಆದರೆ ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ತಿಂಗಳ ಹೆಸರು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಲಿಪಿಯ ಚಿಹ್ನೆಗಳ ಸಾಲು. ಫಾಂಟ್ ಇಲ್ಲದ ಮುದ್ರಣಾಲಯದ ಕಂಪ್ಯೂಟರಿನಲ್ಲಿ 'ಜೂನ್' ಎಂಬುದು ಅರ್ಥವಿಲ್ಲದ ಗುರುತುಗಳಾಗಿ ಅಚ್ಚಾಗುತ್ತದೆ. ಆದ್ದರಿಂದ ಚಿತ್ರವನ್ನು ಪಿಎನ್‌ಜಿಗೆ ಬದಲಿಸುವ ಕೆಲಸ ಚಾರ್ಟ್ ಮಾಡಿದ ಕಂಪ್ಯೂಟರಿನಲ್ಲೇ ಮುಗಿಯಲಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಆ ಪಿಎನ್‌ಜಿಯನ್ನು ತೆರೆದು ಓದಿ ನೋಡಿ.

ಇಷ್ಟೆಲ್ಲ ಮಾಡಿದ ಚಿತ್ರವನ್ನು ವರ್ಡ್ ಹಾಳು ಮಾಡುವುದೂ ಉಂಟು. ಕಡತದ ಗಾತ್ರ ಇಳಿಸಲು ಅದು ಉಳಿಸುವಾಗ ಚಿತ್ರಗಳ ಚುಕ್ಕಿಗಳನ್ನು ಕಡಿಮೆ ಮಾಡುತ್ತದೆ. ಚಿತ್ರ ಸೇರಿಸುವ ಮೊದಲೇ File, Options, Advanced ಗೆ ಹೋಗಿ Image Size and Quality ಎಂಬ ಭಾಗದಲ್ಲಿ Do not compress images in file ಗುರುತು ಹಾಕಿ. ಇದು ಒಂದೊಂದು ಕಡತಕ್ಕೂ ಬೇರೆ ಬೇರೆ. ಒಮ್ಮೆ ಹಾಕಿದರೆ ಎಲ್ಲಕ್ಕೂ ಅನ್ವಯಿಸಿತು ಎಂದುಕೊಳ್ಳಬೇಡಿ. ಚಿತ್ರವನ್ನು Insert, Pictures ಮೂಲಕ ತಂದು ಅಗಲ 15.9 ಸೆಂ.ಮೀ. ಇದೆಯೇ ನೋಡಿ. ಪಿಡಿಎಫ್ ಮಾಡುವಾಗ Minimum size ಅಲ್ಲ, Standard ಆಯ್ಕೆ ಇರಲಿ. ಆ ಪಿಡಿಎಫನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಚಾರ್ಟಿನ ಅತ್ಯಂತ ಚಿಕ್ಕ ಅಂಕಿಯನ್ನು ನೋಡಿ. ಅಲ್ಲಿ ಅಂಚಿನ ಮೆಟ್ಟಿಲುಗಳು ನವಿರಾಗಿ ಕಂಡರೆ ಸರಿ. ಅಂಕಿಯೇ ಗುರುತು ಸಿಗದಿದ್ದರೆ ದಾರಿಯಲ್ಲಿ ಎಲ್ಲೋ ಚುಕ್ಕಿ ಕಳೆದುಹೋಗಿವೆ, ಮೂಲ ಪಿಎನ್‌ಜಿಯಿಂದ ಮತ್ತೆ ಸೇರಿಸಿ.

ಇಡೀ ವರದಿ ವರ್ಡ್‌ನಲ್ಲೇ ಇದ್ದು ಅಲ್ಲಿಂದಲೇ ಪಿಡಿಎಫ್ ಆಗುವುದಾದರೆ ಚುಕ್ಕಿಗಳೇ ಬೇಡ, ಮೆಟಾಫೈಲನ್ನು ನೇರವಾಗಿ ವರ್ಡ್‌ಗೆ ಅಂಟಿಸಬಹುದಲ್ಲ ಎಂದು ಕೇಳಬಹುದು. ಖಂಡಿತ ಮಾಡಬಹುದು, ಫಲಿತಾಂಶ ಇನ್ನೂ ನುಣುಪಾಗಿರುತ್ತದೆ. ನಾನು ಬೇಡವೆನ್ನುವುದು Embed Workbook ಆಯ್ಕೆಯನ್ನು. ಅದರಲ್ಲಿ ಚಾರ್ಟಿನ ಬೆನ್ನಿಗೆ ಇಡೀ ಎಕ್ಸೆಲ್ ಕಡತವೇ ವರದಿಯೊಳಗೆ ಬಂದು ಕೂರುತ್ತದೆ, ಬೇರೆ ಹಾಳೆಗಳಲ್ಲಿರುವ ಫಲಾನುಭವಿಗಳ ಹೆಸರು, ಫೋನ್ ಸಂಖ್ಯೆಗಳ ಸಮೇತ. ವರ್ಡ್ ಕಡತ ಪಡೆದ ಯಾರು ಬೇಕಾದರೂ ಚಾರ್ಟಿನ ಮೇಲೆ Edit Data ಒತ್ತಿ ಅವನ್ನೆಲ್ಲ ತೆರೆಯಬಹುದು. ಚಿತ್ರವಾಗಿ ಕಳಿಸಲು ಇದೊಂದೇ ಕಾರಣ ಸಾಕು.

ಕೊನೆಗೆ ಡಿಟಿಪಿಯವರಿಗೆ ಚಿತ್ರ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಬೇಡಿ. ಅದು ಪಿಎನ್‌ಜಿಯನ್ನು ಕುಗ್ಗಿಸಿ ಜೆಪೆಗ್ ಮಾಡಿಯೇ ಆ ಕಡೆಗೆ ತಲುಪಿಸುತ್ತದೆ. ಕ್ಲಿಪ್ಪಿನ ಗುರುತು ಒತ್ತಿ Document ಎಂದು ಆರಿಸಿ ಕಳಿಸಿ, ಅಥವಾ ಇಮೇಲ್ ಮಾಡಿ. ಚಾರ್ಟಿನ ಅಗಲ 15.9 ಸೆಂ.ಮೀ. ಎಂದು ಜೊತೆಗೆ ಒಂದು ಸಾಲು ಬರೆದು ತಿಳಿಸಿ.